ಎಎ ಗ್ರೇಡ್ ಎಂದರೆ ರುಚಿಯೂ ಎಎ ಎಂದೇ? ಒಂದೇ ಎಸ್ಟೇಟಿನ ಎರಡು ಪೊಟ್ಟಣ ತಂದ ಗೊಂದಲ

ನಸುಕಿನ ಲೋಟ

ಎಲ್ಲರಿಗೂ ನಮಸ್ಕಾರ. ಒಂದೇ ಎಸ್ಟೇಟಿನ ಎರಡು ಪೊಟ್ಟಣ ತರಿಸಿದ್ದೇನೆ. ಒಂದರ ಮೇಲೆ ಪ್ಲಾಂಟೇಶನ್ ಎಎ ಎಂದಿದೆ, ಇನ್ನೊಂದರ ಮೇಲೆ ಪ್ಲಾಂಟೇಶನ್ ಬಿ. ತಳಿ ಎರಡರಲ್ಲೂ ಎಸ್.795. ಹುರಿದ ದಿನಾಂಕವೂ ಒಂದೇ, ಎರಡರ ಮೇಲೂ ಮೀಡಿಯಂ ರೋಸ್ಟ್ ಎಂದೇ ಬರೆದಿದೆ.

ಎಎ ಬೀಜಗಳನ್ನು ಅಂಗೈಯಲ್ಲಿ ಹಾಕಿಕೊಂಡರೆ ನೋಡುತ್ತಲೇ ಇರಬೇಕು ಅನ್ನಿಸುತ್ತದೆ. ಎಲ್ಲವೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗಿವೆ. ಬಿ ಅದರ ಮುಂದೆ ಸಣಕಲು. ಆದರೆ ಕುಡಿದಾಗ ಉಲ್ಟಾ ಆಯಿತು. ಬಿ ಕಾಫಿಯಲ್ಲಿ ಸಿಹಿ ಇದೆ, ನುಂಗಿದ ಮೇಲೂ ಬಾಯಲ್ಲಿ ನಿಲ್ಲುತ್ತದೆ. ಎಎಯಲ್ಲಿ ಮೊದಲು ಚುರುಕು ಹುಳಿ, ಹಿಂದೆಯೇ ಹಸಿ ಹುಲ್ಲಿನಂಥ ಒಂದು ವಾಸನೆ. ನಾಲ್ಕು ದಿನ ಮಾಡಿ ನೋಡಿದೆ, ನಾಲ್ಕೂ ದಿನ ಹೀಗೆಯೇ.

ಪೊಟ್ಟಣ ಅದಲುಬದಲಾಗಿಲ್ಲ, ಬೀಜದ ಗಾತ್ರ ನೋಡಿದರೇ ಗೊತ್ತಾಗುತ್ತದೆ. ನನ್ನ ನಾಲಿಗೆ ತಪ್ಪೋ, ಗ್ರೇಡ್ ಅಂದರೆ ನಾನು ತಿಳಿದುಕೊಂಡದ್ದು ತಪ್ಪೋ?

ಬೀಜಪ್ರಿಯ

ನಾಲಿಗೆ ತಪ್ಪು ಅಂತ ಹೇಳುವುದಿಲ್ಲ, ಆದರೆ ಗ್ರೇಡ್ ಸುಮ್ಮನೆ ಕೊಡುವುದಿಲ್ಲ. ಎತ್ತರದ ಜಾಗದಲ್ಲಿ, ನೆರಳಲ್ಲಿ ನಿಧಾನಕ್ಕೆ ಹಣ್ಣಾದ ಕಾಫಿಯ ಬೀಜ ದಪ್ಪ ಆಗುತ್ತದೆ. ಅವಸರಕ್ಕೆ ಕೊಯ್ದ ಎಳೆ ಕಾಯಿಯ ಬೀಜ ಸಣ್ಣ. ಕೀನ್ಯಾದವರು ಎಎಯನ್ನು ಮೇಲಿಟ್ಟಿದ್ದಾರೆ, ಕೊಲಂಬಿಯಾದವರು ದಪ್ಪ ಬೀಜಕ್ಕೆ ಸುಪ್ರೀಮೊ ಅಂತಲೇ ಹೆಸರಿಟ್ಟಿದ್ದಾರೆ. ಇಷ್ಟು ದೇಶದವರು ಒಟ್ಟಿಗೆ ತಪ್ಪು ಮಾಡುತ್ತಾರಾ? ನಿಮ್ಮ ಎಎ ಪೊಟ್ಟಣ ಹಳೆಯ ಬೆಳೆಯದ್ದಿರಬಹುದು. ಇನ್ನೊಂದು ಎಸ್ಟೇಟಿನ ಎಎ ತಂದು ನೋಡಿ.

ಪುಡಿಗಾರ

ನಾನೂ ಇದನ್ನೇ ಅನುಭವಿಸಿದ್ದೇನೆ. ಗಾತ್ರ ದಪ್ಪ ಆದರೆ ಹುಳಿ ಬಂದೇ ಬರುತ್ತದೆ. ನೀರಿಗೆ ರಸ ಎಳೆಯಲು ಸಮಯ ಸಿಗುವುದಿಲ್ಲ. ಗ್ರೈಂಡರಿನಲ್ಲಿ ಎರಡು ಹಲ್ಲು ಸಣ್ಣ ಮಾಡಿ, ಸರಿ ಹೋಗುತ್ತದೆ.

ನಸುಕಿನ ಲೋಟ

@ಪುಡಿಗಾರ, ನಾನು ಕೇಳಿದ್ದು ಪುಡಿಯ ಗಾತ್ರ ಅಲ್ಲ, ಇಡೀ ಬೀಜದ ಗಾತ್ರ. ಎರಡನ್ನೂ ಗ್ರೈಂಡರಿನ ಒಂದೇ ಸೆಟ್ಟಿಂಗಿನಲ್ಲಿ ಪುಡಿ ಮಾಡಿದ್ದೇನೆ. ಆದರೂ ನೀವು ಹೇಳಿದ್ದನ್ನು ಮಾಡಿ ನೋಡುತ್ತೇನೆ.

ಜರಡಿ ಹದಿನೆಂಟು

ಕ್ಯೂರಿಂಗ್ ವರ್ಕ್ಸಿನಲ್ಲಿ ಹಲವು ವರ್ಷ ಗ್ರೇಡಿಂಗ್ ಕಡೆ ಕೆಲಸ ಮಾಡಿದವನು ನಾನು. ನಿಮ್ಮ ನಾಲಿಗೆ ಸರಿಯಾಗಿಯೇ ಇರಬಹುದು. ಮೊದಲು ಜರಡಿ ಏನನ್ನು ಅಳೆಯುತ್ತದೆ ಅಂತ ಹೇಳುತ್ತೇನೆ.

ಜರಡಿಯ ಮೇಲೆ ಬರೆದ ನಂಬರು ತೂತಿನ ಅಳತೆ. ಒಂದು ಇಂಚನ್ನು 64 ಪಾಲು ಮಾಡಿ ಅದರಲ್ಲಿ 18 ಪಾಲು ಅಗಲದ ದುಂಡು ತೂತು ಕೊರೆದರೆ ಅದು 18ನೇ ನಂಬರಿನ ಜರಡಿ, 7 ಮಿಲಿಮೀಟರಿಗಿಂತ ಒಂದು ಕೂದಲು ಹೆಚ್ಚು. ಸಿಪ್ಪೆ ತೆಗೆದ ಹಸಿರು ಬೀಜವನ್ನು ಮೇಲಿಂದ ಸುರಿದು ಅಲ್ಲಾಡಿಸಿದಾಗ ಬೀಳದೆ ನಿಂತದ್ದು ದೊಡ್ಡ ಗ್ರೇಡಿಗೆ, ಬಿದ್ದದ್ದು ಕೆಳಗಿನ ಜರಡಿಗೆ ಹೋಗುತ್ತದೆ. ಬೀಜ ತೂತಿನಲ್ಲಿ ಉದ್ದುದ್ದವಾಗಿ ಇಳಿಯುವುದರಿಂದ ಜರಡಿ ಹಿಡಿಯುವುದು ಅಗಲವನ್ನು ಮಾತ್ರ. ಉದ್ದಕ್ಕೆ ಸೊಂಪಾಗಿ ಬೆಳೆದು ಅಗಲ ಕಡಿಮೆ ಇರುವ ತಳಿಯ ಬೀಜ ಅಷ್ಟೇ ತೂಕ ಇದ್ದರೂ ಕೆಳಗಿನ ಗ್ರೇಡಿಗೆ ಬೀಳುತ್ತದೆ. ಎಎ ಚೀಲದಲ್ಲೂ ತೂಕದಲ್ಲಿ ಸ್ವಲ್ಪ ಪಾಲು ಸಣ್ಣ ಬೀಜ ಇರಲು ನಿಯಮದಲ್ಲೇ ಅವಕಾಶ ಇದೆ.

ರುಚಿ ನೋಡುವುದು ಬೇರೆ ಕೆಲಸ, ಬೇರೆ ಕೋಣೆ, ಬೇರೆ ಜನ. ಜರಡಿಗೆ ನಾಲಿಗೆ ಇಲ್ಲ.

ಹಾಗಾದರೆ ಇಷ್ಟು ಕಷ್ಟಪಟ್ಟು ಗಾತ್ರ ಬೇರೆ ಮಾಡುವುದು ಯಾಕೆ ಅಂತ ಕೇಳಬಹುದು. ಒಂದು ಕಾರಣ ಹುರಿಯುವವರಿಗೆ ಗೊತ್ತು, ದಪ್ಪ ಸಣ್ಣ ಕಲೆತರೆ ಸಣ್ಣದು ಕಪ್ಪಾಗುವಷ್ಟರಲ್ಲಿ ದಪ್ಪದ್ದು ಒಳಗೆ ಹಸಿ ಇರುತ್ತದೆ. ಇನ್ನೊಂದು ಕಾರಣ ಹೊರಗಿನವರಿಗೆ ಅಷ್ಟು ಗೊತ್ತಿರುವುದಿಲ್ಲ. ಜರಡಿ ಆದ ಮೇಲೆ ಬೀಜ ಗ್ರಾವಿಟಿ ಟೇಬಲ್ಲಿಗೆ ಹೋಗುತ್ತದೆ. ಓರೆಯಾಗಿಟ್ಟ ತಟ್ಟೆ ನಡುಗುತ್ತಿರುತ್ತದೆ, ಕೆಳಗಿನಿಂದ ಗಾಳಿ ಊದುತ್ತಿರುತ್ತದೆ. ಹಗುರ ಬೀಜ ಗಾಳಿಯಲ್ಲಿ ತೇಲಿ ಒಂದು ಕಡೆ ಜಾರುತ್ತದೆ, ಗಟ್ಟಿ ಬೀಜ ತಟ್ಟೆಗೆ ಅಂಟಿದ ಹಾಗೆ ನಡೆದು ಇನ್ನೊಂದು ಕಡೆ ಬೀಳುತ್ತದೆ. ಹುಳ ತಿಂದದ್ದು, ಜಳ್ಳು, ಬಲಿಯದೆ ಕೊಯ್ದದ್ದು ಇಲ್ಲಿ ಹೊರಗೆ ಹೋಗುತ್ತದೆ. ಆದರೆ ಬೀಜ ಒಂದೇ ಗಾತ್ರದ್ದಿದ್ದರೆ ಮಾತ್ರ ಈ ಟೇಬಲ್ ಸರಿಯಾಗಿ ಕೆಲಸ ಮಾಡುತ್ತದೆ. ಕಲೆತ ಗಾತ್ರ ಹಾಕಿದರೆ ಅದಕ್ಕೆ ದಪ್ಪ ಜಳ್ಳು ಯಾವುದು, ಸಣ್ಣ ಗಟ್ಟಿ ಯಾವುದು ಅಂತ ತಿಳಿಯುವುದಿಲ್ಲ. ಅದಕ್ಕೇ ಮೊದಲು ಜರಡಿ, ಆಮೇಲೆ ಟೇಬಲ್.

ಅಂದರೆ ಗಾತ್ರ ಬೇರೆ ಮಾಡುವುದು ಹಗುರ ಬೀಜ ತೆಗೆಯಲು ಬೇಕಾದ ಸಿದ್ಧತೆ. ಆ ಸಿದ್ಧತೆಯ ಹೆಸರೇ ಕೊನೆಗೆ ಪೊಟ್ಟಣದ ಮೇಲೆ ದೊಡ್ಡಕ್ಷರದಲ್ಲಿ ಬಂದು ಕೂತಿದೆ.

ಬೀಜಪ್ರಿಯ

ಸರ್, ಒಪ್ಪಿದೆ. ಆದರೆ ಹಗುರ ಬೀಜ ತೆಗೆದ ಮೇಲೆ ಉಳಿದದ್ದರಲ್ಲಿ ಎಎಯೇ ಮೇಲು ಅಲ್ಲವೇ? ಬಿ, ಸಿ ಅಂತ ಕೆಳಗೆ ಹೋದ ಹಾಗೆ ಕೆಟ್ಟ ಬೀಜ ಹೆಚ್ಚು ಅಂತ ನಾನೇ ನೋಡಿದ್ದೇನೆ.

ಜರಡಿ ಹದಿನೆಂಟು

ಅರ್ಧ ಸರಿ ಹೇಳಿದಿರಿ. ತೀರಾ ಕೆಳಗಿನ ಜರಡಿಗೆ ಗಾತ್ರದಲ್ಲಿ ಸಣ್ಣದರ ಜೊತೆ ಒಡೆದ ಚೂರು, ಮುರುಟಿದ್ದು, ಬಲಿಯದ್ದು ಎಲ್ಲವೂ ಬಂದು ಸೇರುತ್ತದೆ. ಸಿ ಗ್ರೇಡಿನ ಕಾಫಿ ಒರಟು ಅನ್ನಿಸಿದರೆ ಅದು ಈ ಸಹವಾಸದಿಂದ, ಸಣ್ಣ ಅನ್ನುವುದರಿಂದ ಅಲ್ಲ. ಎಎ, ಎ, ಬಿ ನಡುವೆ ಆ ಅಂತರ ಅಷ್ಟಿಲ್ಲ, ಅದರಲ್ಲೂ ಕೈಯಲ್ಲಿ ಆರಿಸಿ ಗಾರ್ಬ್ಲಿಂಗ್ ಚೆನ್ನಾಗಿ ಮಾಡಿದ್ದರೆ.

ನೀವು ಹೇಳಿದ ಕೀನ್ಯಾದ್ದೇ ನೋಡಿ. ಅಲ್ಲಿ ಎಎ, ಎಬಿಗಳಿಂದ ಗಾಳಿಯಲ್ಲಿ ಹಾರಿಸಿ ತೆಗೆದ ಹಗುರ ಬೀಜಕ್ಕೆ ಟಿಟಿ ಅಂತ ಬೇರೆ ಹೆಸರೇ ಇದೆ. ಗಾತ್ರ ಅದೇ ಇದ್ದರೂ ಒಳಗೆ ಗಟ್ಟಿ ಇಲ್ಲ ಅಂತ ಅವರು ಒಪ್ಪಿಕೊಂಡ ಹಾಗಾಯಿತು. ಕೊಲಂಬಿಯಾದಲ್ಲಿ ಸುಪ್ರೀಮೊ ದಪ್ಪದ್ದು, ಎಕ್ಸೆಲ್ಸೊ ಅದಕ್ಕಿಂತ ಸಣ್ಣದ್ದು. ಒಂದೇ ಗಿಡದ ಒಂದೇ ಕೊಂಬೆಯಿಂದ ಎರಡೂ ಬರಬಹುದು. ಇಥಿಯೋಪಿಯಾದವರು ಗಾತ್ರದ ಮೇಲೆ ಗ್ರೇಡ್ ಕಟ್ಟಿಲ್ಲ, ಕೆಟ್ಟ ಬೀಜ ಎಷ್ಟಿದೆ, ಕುಡಿದರೆ ಹೇಗಿದೆ ಅಂತ ನೋಡಿ 1, 2 ಅಂತ ಕೊಡುತ್ತಾರೆ. ಅಲ್ಲಿನ ಬೀಜ ಬಹುಪಾಲು ಸಣ್ಣದು. ಜಗತ್ತಿನಲ್ಲಿ ಜನ ಹುಡುಕಿಕೊಂಡು ಹೋಗಿ ಕುಡಿಯುವ ಕಾಫಿಗಳಲ್ಲಿ ಅದೂ ಒಂದು.

ಕಣದ ಪಕ್ಕದ ಮನೆ

ನಮ್ಮದು ಸಣ್ಣ ತೋಟ. ಈ ಮಾತು ನನಗೆ ತುಂಬಾ ಹತ್ತಿರದ್ದು, ಹಾಗಾಗಿ ನನ್ನ ಕಥೆಯನ್ನೂ ಹೇಳುತ್ತೇನೆ. ಕಳೆದ ವರ್ಷ ನಮ್ಮ ಕಾಫಿಯ ಗ್ರೇಡಿಂಗ್ ರಿಪೋರ್ಟ್ ಬಂದಾಗ ಎಎ ಮತ್ತು ಎ ಸೇರಿ ನೂರಕ್ಕೆ 52 ಇತ್ತು. ಈ ವರ್ಷ 37. ಅದೇ ಗಿಡ, ಅದೇ ಗೊಬ್ಬರ, ಅದೇ ನೆರಳು. ಹೂಮಳೆ ಹೊತ್ತಿಗೆ ಸರಿಯಾಗಿ ಬಂತು, ಹೂವು ಬೆಳ್ಳಗೆ ತುಂಬಿತ್ತು. ಆಮೇಲೆ ಎರಡು ತಿಂಗಳಿಗೂ ಹೆಚ್ಚು ಕಾಲ ಆಕಾಶ ನೋಡುತ್ತಾ ಕೂತೆವು. ಕೊಳ್ಳುವವರು ರಿಪೋರ್ಟ್ ನೋಡಿದ ತಕ್ಷಣ ಈ ಸಲ ಕ್ವಾಲಿಟಿ ಬಿದ್ದಿದೆ ಅಂದರು. ಕುಡಿದೇ ನೋಡಲಿಲ್ಲ. ನನಗೆ ಅದೇ ಬೇಜಾರು. ಹಣ್ಣು ಕೊಯ್ಯುವಾಗ ಒಂದೊಂದಾಗಿ ಕೆಂಪು ನೋಡಿ ಕೊಯ್ದದ್ದು ನಾವೇ. ಹುದುಗು ಹಾಕುವಾಗ ರಾತ್ರಿ ಎದ್ದು ಕೈಹಾಕಿ ಜಾರು ಹೋಗಿದೆಯಾ ಅಂತ ನೋಡಿದವಳು ನಾನೇ.

ಜರಡಿ ಹದಿನೆಂಟು

@ಕಣದ ಪಕ್ಕದ ಮನೆ, ಅಕ್ಕಾ, ನೀವು ಬರೆದ ಆ ಎರಡು ತಿಂಗಳಲ್ಲೇ ಈ ಇಡೀ ಚರ್ಚೆಯ ತಿರುಳಿದೆ.

ಹೂ ಬಿಟ್ಟು ಸುಮಾರು ಒಂದೂವರೆ ತಿಂಗಳು ಕಾಯಿ ಮೆಣಸಿನ ಕಾಳಿನಷ್ಟೇ ಇರುತ್ತದೆ. ಆಮೇಲೆ ಎರಡು ಎರಡೂವರೆ ತಿಂಗಳು ಒಂದೇ ಸಮ ಊದುತ್ತದೆ. ಆಗ ಅದನ್ನು ಕೊಯ್ದು ಅಡ್ಡ ಕತ್ತರಿಸಿದರೆ ಒಳಗೆ ಬೀಜ ಇನ್ನೂ ಗಟ್ಟಿಯಾಗಿರುವುದಿಲ್ಲ, ನೀರು ನೀರಾಗಿ ಲೋಳೆಯ ಹಾಗೆ ಇರುತ್ತದೆ. ಬೀಜ ಕೂರುವ ಕೋಣೆ ಮಾತ್ರ ದೊಡ್ಡದಾಗುತ್ತಿರುತ್ತದೆ. ಅದು ಊದಲು ನೀರು ಬೇಕು. ಮಳೆ ಇದ್ದರೆ ಕೋಣೆ ದೊಡ್ಡದು, ಇಲ್ಲದಿದ್ದರೆ ಚಿಕ್ಕದು. ಆ ಅವಧಿ ಮುಗಿಯುತ್ತಿದ್ದಂತೆ ಕೋಣೆಯ ಗೋಡೆ, ಅಂದರೆ ಪಾರ್ಚ್‌ಮೆಂಟ್ ಸಿಪ್ಪೆ, ಗಟ್ಟಿಯಾಗಿಬಿಡುತ್ತದೆ. ಆಮೇಲೆ ಕೆರೆ ತುಂಬುವಷ್ಟು ಮಳೆ ಬಂದರೂ ಆ ಗೋಡೆ ಹಿಂದೆ ಸರಿಯುವುದಿಲ್ಲ. ಬೀಜದ ಗಾತ್ರ ಅಲ್ಲಿಗೆ ತೀರ್ಮಾನ ಆಯಿತು.

ಕೋಣೆ ತುಂಬುವುದು ಇದರ ನಂತರದ ಕೆಲಸ. ಎಲೆ ಮಾಡಿದ ಅನ್ನ ಬೀಜಕ್ಕೆ ಇಳಿದು ಗಟ್ಟಿಯಾಗುತ್ತಾ ಹೋಗುತ್ತದೆ. ಸಿಹಿ, ಹುಳಿ, ಹುರಿದಾಗ ಬರುವ ಪರಿಮಳ ಇವಕ್ಕೆಲ್ಲ ಬೇಕಾದ ಸಾಮಾನು ಜಮೆಯಾಗುವುದು ಈ ಕಾಲದಲ್ಲಿ. ಹಾಗಾಗಿ ನಿಮ್ಮ ಈ ವರ್ಷದ ಬೀಜ ಚಿಕ್ಕ ಕೋಣೆಯಲ್ಲಿ ಗಟ್ಟಿಯಾಗಿ ತುಂಬಿಕೊಂಡಿರಬಹುದು. 37 ಅನ್ನುವ ಸಂಖ್ಯೆ ಹೇಳುವುದು ಆ ಎರಡು ತಿಂಗಳ ಮಳೆಯ ಲೆಕ್ಕ. ನಿಮ್ಮ ಕೊಯ್ಲಿನ ಲೆಕ್ಕ, ಹುದುಗಿನ ಲೆಕ್ಕ ಅದರಲ್ಲಿ ಇಲ್ಲವೇ ಇಲ್ಲ.

ಕಣದ ಪಕ್ಕದ ಮನೆ

ಓದಿ ಕಣ್ಣು ತುಂಬಿ ಬಂತು. ಇದರ ಉಲ್ಟಾ ಒಂದು ವರ್ಷ ನಮಗೇ ಆಗಿತ್ತು ಅಂತ ಈಗ ನೆನಪಾಯಿತು. ಮೂರು ವರ್ಷದ ಹಿಂದೆ ಮಳೆ ಬೇಗ ಹಿಡಿಯಿತು, ಕಾಯಿ ಗುಂಡುಗುಂಡಾಗಿ ಬಂತು, ಊರವರೆಲ್ಲ ಬಂದು ನೋಡಿ ಹೋದರು. ಆದರೆ ಅದೇ ಮಳೆಗೆ ಎಲೆ ತುಕ್ಕು ಹಿಡಿದು, ಕಾಯಿ ಬಲಿಯುವ ಹೊತ್ತಿಗೆ ಅರ್ಧ ಗಿಡ ಬೋಳಾಗಿತ್ತು. ಹಣ್ಣನ್ನು ನೀರಿಗೆ ಹಾಕಿದರೆ ತೇಲಿದ್ದೇ ತೇಲಿದ್ದು. ಒಣಗಿಸಿದ ಮೇಲೆ ಬೀಜ ಕೈಯಲ್ಲಿ ಹಿಡಿದರೆ ದಪ್ಪ ಇತ್ತು, ಆದರೆ ಕಡಿದರೆ ಹಲ್ಲಿಗೆ ಮೆತ್ತಗೆ. ನಾವು ಮನೆಯಲ್ಲಿ ಅದನ್ನೇ ಕುಡಿದೆವು, ರಟ್ಟಿನ ಹಾಗೆ ಇತ್ತು.

ಜರಡಿ ಹದಿನೆಂಟು

ಅದೇ. ಕೋಣೆ ದೊಡ್ಡದಾಯಿತು, ತುಂಬಲು ಎಲೆ ಇರಲಿಲ್ಲ.

@ಬೀಜಪ್ರಿಯ, ನೀವು ಎತ್ತರ, ನೆರಳು ಅಂದದ್ದರಲ್ಲೂ ಸತ್ಯ ಇದೆ. ಒಂದೇ ತಳಿ, ಒಂದೇ ತೋಟದಲ್ಲಿ ನೆರಳು ಹದವಾಗಿದ್ದು, ಗಿಡಕ್ಕೆ ಕಾಯಿಯ ಹೊರೆ ಮಿತಿಯಲ್ಲಿದ್ದರೆ ಬೀಜ ದಪ್ಪವೂ ಆಗುತ್ತದೆ, ಚೆನ್ನಾಗಿ ತುಂಬಿಕೊಳ್ಳುತ್ತದೆ ಕೂಡ. ಹೊರೆ ಹೆಚ್ಚಾದ ಗಿಡದಲ್ಲಿ ಎರಡೂ ಕೆಡುತ್ತದೆ. ಅಂಥ ಕಡೆ ದಪ್ಪಕ್ಕೂ ರುಚಿಗೂ ನಂಟು ಕಾಣುತ್ತದೆ. ಎರಡಕ್ಕೂ ತಾಯಿ ಒಬ್ಬಳೇ ಅನ್ನುವ ಕಾರಣಕ್ಕೆ ಬಂದ ನಂಟು ಅದು. ತಳಿ ಬದಲಾದರೆ ಅದೂ ಕಡಿದುಹೋಗುತ್ತದೆ. ಮಾರಗೋಜಿಪೆ ಅಂತ ಬ್ರೆಜಿಲಿನಲ್ಲಿ ಸಿಕ್ಕ ತಳಿಯ ಬೀಜ ಆನೆಗಾತ್ರ, ಕುಡಿದರೆ ಬಹಳ ಸಲ ಸಪ್ಪೆ. ಚಂದ್ರಗಿರಿ ತಳಿಯ ಬೀಜ ಎಸ್.795ಕ್ಕಿಂತ ದಪ್ಪ. ದಪ್ಪ ಅಂದ ಮಾತ್ರಕ್ಕೆ ಅದರ ರುಚಿ ಮೇಲು ಅಂತ ಯಾವ ಟೇಸ್ಟರೂ ಕಣ್ಣು ಮುಚ್ಚಿ ಹೇಳುವುದಿಲ್ಲ.

ಹುರಿಮನೆ

ನಾನು ಸಣ್ಣ ಸ್ಯಾಂಪಲ್ ರೋಸ್ಟರಿನಲ್ಲಿ ನೂರು ನೂರು ಗ್ರಾಂ ಹುರಿಯುತ್ತೇನೆ. ಇದೇ ಪ್ರಶ್ನೆ ತಲೆ ಕೊರೆದು ಒಂದು ಸಲ ಪರೀಕ್ಷೆ ಮಾಡಿದ್ದೆ. ಹೇಗೆ ಮಾಡಿದೆ ಅಂತ ಪೂರ್ತಿ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ.

ಗ್ರೇಡ್ ಮಾಡದ ಒಂದೇ ಲಾಟಿನ ಹಸಿರು ಬೀಜ ತಂದು, ನಾನೇ 18 ಮತ್ತು 15ರ ಜರಡಿಯಲ್ಲಿ ಹಾಕಿದೆ. 18ರ ಮೇಲೆ ನಿಂತದ್ದು ಒಂದು ಡಬ್ಬಿ. 18ರಿಂದ ಬಿದ್ದು 15ರ ಮೇಲೆ ನಿಂತದ್ದರಲ್ಲಿ ತೀರಾ ದಪ್ಪದ್ದನ್ನು ಕೈಯಲ್ಲಿ ತೆಗೆದು ಉಳಿದದ್ದು ಇನ್ನೊಂದು ಡಬ್ಬಿ. ಹುಳ ತಿಂದದ್ದು, ಒಡೆದದ್ದನ್ನು ಎರಡರಿಂದಲೂ ಆರಿಸಿದೆ. ಹೀಗೆ ಮಾಡಿದರೆ ಗಾತ್ರ ಒಂದು ಬಿಟ್ಟು ಉಳಿದದ್ದೆಲ್ಲ ಒಂದೇ ಇರುತ್ತದೆ ಅಂತ ಲೆಕ್ಕ.

ಮೊದಲ ಸಲ ಎರಡನ್ನೂ ಒಂದೇ ಉರಿ, ಒಂದೇ ಸಮಯದಲ್ಲಿ ಹುರಿದೆ. ಮೂರು ಜನ ಕೂತೆವು. ಪ್ರತಿ ಸಲ ಮೂರು ಲೋಟ, ಎರಡರಲ್ಲಿ ಒಂದೇ ಕಾಫಿ, ಒಂದರಲ್ಲಿ ಬೇರೆ. ಬೇರೆ ಯಾವುದು ಅಂತ ಹೇಳಬೇಕು. ಲೋಟಗಳನ್ನು ಜೋಡಿಸಿದವರು ಇನ್ನೊಬ್ಬರು, ನಮಗೆ ಏನೂ ಗೊತ್ತಿಲ್ಲ. ಒಬ್ಬೊಬ್ಬರು ನಾಲ್ಕು ಸಲ, ಒಟ್ಟು 12. ಸುಮ್ಮನೆ ಬಾಯಿಗೆ ಬಂದದ್ದು ಹೇಳಿದರೂ ಮೂರರಲ್ಲಿ ಒಂದು ಸರಿ ಬರುತ್ತದೆ, ಅಂದರೆ 12ಕ್ಕೆ 4. ನಿಜವಾಗಿಯೂ ವ್ಯತ್ಯಾಸ ಗೊತ್ತಾಗುತ್ತಿದೆ ಅನ್ನಬೇಕಾದರೆ ಕನಿಷ್ಠ 8 ಸರಿ ಇರಬೇಕು. ನಮಗೆ 9 ಸರಿ ಬಂತು. ನಾನು ಖುಷಿಯಲ್ಲಿ ಗಾತ್ರಕ್ಕೆ ರುಚಿ ಇದೆ ಅಂತ ತೀರ್ಮಾನ ಮಾಡಿಬಿಟ್ಟೆ.

ರಾತ್ರಿ ಪುಸ್ತಕದಲ್ಲಿ ತೂಕ ಬರೆಯುವಾಗ ಕಣ್ಣಿಗೆ ಬಿತ್ತು. 100 ಗ್ರಾಂ ದಪ್ಪ ಬೀಜ ಹುರಿದ ಮೇಲೆ 86.4 ಗ್ರಾಂ ಇತ್ತು. ಸಣ್ಣದ್ದು 84.9. ಅಂದರೆ ಅದೇ ಉರಿಯಲ್ಲಿ ಸಣ್ಣ ಬೀಜ ಮುಂದೆ ಹೋಗಿತ್ತು. ನಾವು ಕುಡಿದು ಗುರುತಿಸಿದ್ದು ಗಾತ್ರವನ್ನಲ್ಲ, ರೋಸ್ಟನ್ನು.

ಎರಡನೇ ಸಲ ದಪ್ಪದ್ದಕ್ಕೆ ಬೇರೆ, ಸಣ್ಣದ್ದಕ್ಕೆ ಬೇರೆ ಉರಿ ಇಟ್ಟೆ. ನಾಲ್ಕೈದು ಸಲ ಹುರಿದು ಎಸೆದ ಮೇಲೆ ಎರಡೂ 85.5ರ ಆಸುಪಾಸಿಗೆ ಬಂತು, ಪುಡಿ ಮಾಡಿ ಬಿಳಿ ಹಾಳೆಯ ಮೇಲೆ ಪಕ್ಕಪಕ್ಕ ಇಟ್ಟರೆ ಬಣ್ಣವೂ ಒಂದೇ. ಅದೇ ಮೂರು ಜನ, ಅದೇ 12 ಸಲ. ಈ ಬಾರಿ ಸರಿ ಬಂದದ್ದು 5.

ಬೀಜಪ್ರಿಯ

ಇದು ನನ್ನ ಬಾಯಿ ಕಟ್ಟಿತು. ಆದರೂ ಒಂದು ಮಾತು. 12 ಸಲ ಅಂದರೆ ಕಡಿಮೆ ಅಲ್ಲವೇ? ವ್ಯತ್ಯಾಸ ಸಣ್ಣದಿದ್ದರೆ ಸಿಕ್ಕಿಬೀಳದೆ ಹೋಗಬಹುದು.

ಹುರಿಮನೆ

ಹೌದು, ಹೋಗಬಹುದು. ವ್ಯತ್ಯಾಸ ಇಲ್ಲವೇ ಇಲ್ಲ ಅಂತ ನಾನು ಹೇಳಲಾರೆ. ಇದ್ದರೂ ಹುರಿಯುವುದರಲ್ಲಿ ಆಗುವ ಏರುಪೇರಿನ ಮುಂದೆ ಅದು ಚಿಕ್ಕದು ಅಂತಷ್ಟೇ ಹೇಳಬಲ್ಲೆ. ಒಂದೂವರೆ ಗ್ರಾಂ ವ್ಯತ್ಯಾಸ 12ಕ್ಕೆ 9 ಸಲ ನಾಲಿಗೆಗೆ ಸಿಕ್ಕಿತು. ಎರಡು ಮಿಲಿಮೀಟರಿಗೆ ಹತ್ತಿರದ ಗಾತ್ರದ ವ್ಯತ್ಯಾಸ ಸಿಗಲಿಲ್ಲ.

ಜರಡಿ ಹದಿನೆಂಟು

ಅಳತೆಯಲ್ಲಿ ಒಂದು ತಿದ್ದುಪಡಿ. 15ರ ತೂತು ಸುಮಾರು 6 ಮಿಲಿಮೀಟರ್, 18ರದ್ದು 7ಕ್ಕೆ ಸ್ವಲ್ಪ ಮೇಲೆ. ಅಂತರ ಒಂದು ಮಿಲಿಮೀಟರಿನ ಲೆಕ್ಕ, ಎರಡಲ್ಲ. ಉಳಿದದ್ದೆಲ್ಲ ಚೆನ್ನಾಗಿ ಮಾಡಿದ್ದೀರಿ. ಲಾಟ್ ಒಂದೇ ಇಟ್ಟುಕೊಂಡದ್ದೇ ಇದರ ಬಲ. ಪೊಟ್ಟಣದಲ್ಲಿ ಬರುವ ಎಎ ಮತ್ತು ಬಿ ಒಂದೇ ಲಾಟಿನವು ಅಂತ ಯಾರೂ ಮಾತು ಕೊಟ್ಟಿರುವುದಿಲ್ಲ. ಎಎ ಮೊದಲ ಕೊಯ್ಲಿನದ್ದು, ಬಿ ನಡುವಿನ ಕೊಯ್ಲಿನದ್ದು ಇರಬಹುದು.

ಹುರಿಮನೆ

ಸರಿ ಸರ್, ಒಂದು ಮಿಲಿಮೀಟರ್. ತಿದ್ದಿಕೊಂಡೆ.

@ನಸುಕಿನ ಲೋಟ, ನೀವು ಹೇಳಿದ ಹಸಿ ಹುಲ್ಲಿನ ವಾಸನೆ ನನಗೆ ಹುರಿಯುವುದರ ತಪ್ಪಿನಂತೆ ಕೇಳಿಸುತ್ತಿದೆ. ಎರಡೂ ಗ್ರೇಡನ್ನು ಒಂದೇ ಸೆಟ್ಟಿಂಗಿನಲ್ಲಿ ಹುರಿದು, ಹೊರಗಿನ ಬಣ್ಣ ನೋಡಿ ಇಳಿಸಿದರೆ ದಪ್ಪ ಬೀಜದ ಒಳಗೆ ಬೆಂದಿರುವುದಿಲ್ಲ. ಪತ್ತೆ ಮಾಡುವುದು ಸುಲಭ. ಎರಡರಿಂದಲೂ ಹತ್ತು ಹತ್ತು ಬೀಜ ತೆಗೆದು ಹೊರಗಿನ ಬಣ್ಣ ಹೋಲಿಸಿ. ಆಮೇಲೆ ಅವನ್ನೇ ಪುಡಿ ಮಾಡಿ, ಬಿಳಿ ಹಾಳೆಯ ಮೇಲೆ ಬೆರಳಲ್ಲಿ ಒತ್ತಿ ಸಪಾಟು ಮಾಡಿ, ಹಗಲು ಬೆಳಕಿನಲ್ಲಿ ನೋಡಿ. ಹೊರಗೆ ಒಂದೇ ಬಣ್ಣ ಇದ್ದು ಪುಡಿಯಲ್ಲಿ ಎಎ ತಿಳಿಯಾಗಿ ಕಂಡರೆ ಒಳಗೆ ಹಸಿ ಉಳಿದಿದೆ ಅಂತ. ಇನ್ನೊಂದು, ಚಮಚದಲ್ಲಿ ಅಳೆಯುತ್ತೀರೋ, ತೂಕ ಮಾಡುತ್ತೀರೋ?

ನಸುಕಿನ ಲೋಟ

ಚಮಚದಲ್ಲೇ ಅಳೆಯುತ್ತಿದ್ದೆ. ನೀವು ಕೇಳಿದ ಮೇಲೆ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಎಎ ಬೀಜ ಚಮಚದಲ್ಲಿ ಸರಿಯಾಗಿ ಕೂರುವುದಿಲ್ಲ, ಒಂದು ಸಲ 9 ಗ್ರಾಂ, ಇನ್ನೊಂದು ಸಲ 11ರ ಹತ್ತಿರ. ಬಿ ಅಷ್ಟು ಏರುಪೇರಾಗಲಿಲ್ಲ. ನಾಳೆಯಿಂದ ತೂಕವೇ.

ಮೂರನೇ ಗುಟುಕು

ಎಲ್ಲರೂ ಎಎ, ಬಿ ಅಂತ ಹೇಳುತ್ತಿದ್ದೀರಿ, ಪೀಬೆರಿ ಬಗ್ಗೆ ಯಾರೂ ಹೇಳಲಿಲ್ಲ. ಅದು ಎಲ್ಲಕ್ಕಿಂತ ಸಣ್ಣದು, ಆದರೂ ಎಲ್ಲಕ್ಕಿಂತ ಗಾಢ. ಎರಡು ಬೀಜಕ್ಕೆ ಹೋಗಬೇಕಾದ ಸತ್ವ ಒಂದಕ್ಕೇ ಹೋಗಿರುತ್ತದೆ. ನಾನು ಪಿಬಿ ಬಿಟ್ಟು ಬೇರೆ ಮುಟ್ಟುವುದಿಲ್ಲ.

ಜರಡಿ ಹದಿನೆಂಟು

ಹಣ್ಣಿನೊಳಗೆ ಎರಡರಲ್ಲಿ ಒಂದು ಬೀಜ ಕಟ್ಟದೆ ಹೋದಾಗ ಉಳಿದದ್ದು ಚಪ್ಪಟೆ ಮುಖ ಇಲ್ಲದೆ ದುಂಡಗೆ ಬೆಳೆಯುತ್ತದೆ, ಅದು ಪೀಬೆರಿ. ದುಂಡು ತೂತಿನ ಜರಡಿಯಲ್ಲಿ ಅದನ್ನು ಬೇರೆ ಮಾಡಲು ಆಗುವುದಿಲ್ಲ, ಉದ್ದ ಸೀಳಿನ ಜರಡಿ ಬೇಕು. ಎರಡು ಪಾಲು ಸತ್ವ ಒಂದಕ್ಕೇ ಹೋಗುತ್ತದೆ ಅನ್ನುವುದು ಕೇಳಲು ಚೆಂದ. ಆದರೆ ಅದೇ ಕೊಂಬೆಯಲ್ಲಿ ಪಕ್ಕದ ಹಣ್ಣುಗಳೂ ಕೈಚಾಚಿರುತ್ತವೆ, ಉಳಿದ ಪಾಲು ಆ ಒಂದು ಬೀಜಕ್ಕೇ ಹೋಗಬೇಕು ಅಂತ ಏನಿಲ್ಲ. ಒಂದೇ ಲಾಟಿನ ಪಿಬಿ ಮತ್ತು ಎ ಪಕ್ಕಪಕ್ಕ ಇಟ್ಟು ಬಹಳ ಸಲ ಕುಡಿದಿದ್ದೇನೆ. ಕೆಲವು ಸಲ ಪಿಬಿ ಮೇಲೆ ಬಂದಿದೆ, ಕೆಲವು ಸಲ ಗುರುತು ಸಿಗಲಿಲ್ಲ.

ಹುರಿಮನೆ

ನನ್ನ ಅನುಭವ ಸ್ವಲ್ಪ ಬೇರೆ ಸರ್. ಪಿಬಿ ಡ್ರಮ್ಮಿನಲ್ಲಿ ಉರುಳುವುದೇ ಬೇರೆ ಥರ. ಚಪ್ಪಟೆ ಮುಖ ಇಲ್ಲದ್ದರಿಂದ ಬಿಸಿ ಲೋಹಕ್ಕೆ ಒಂದೇ ಕಡೆ ಅಂಟಿ ನಿಲ್ಲುವುದಿಲ್ಲ, ಬಣ್ಣ ಸುತ್ತಲೂ ಸಮ ಬರುತ್ತದೆ. ನನಗೆ ಪಿಬಿ ಪ್ರತಿ ಸಲವೂ ಸ್ವಚ್ಛ ಅನ್ನಿಸಿದೆ. ಆದರೆ ಅದನ್ನು ಮೂರು ಲೋಟದ ಪರೀಕ್ಷೆಗೆ ಹಾಕಿಲ್ಲ, ಹಾಗಾಗಿ ಅನ್ನಿಸಿದೆ ಅಂತಷ್ಟೇ ಬರೆಯುತ್ತಿದ್ದೇನೆ.

ಮೂರನೇ ಗುಟುಕು

ನೀವಿಬ್ಬರೂ ಏನೇ ಹೇಳಿ, ನನ್ನ ಲೋಟದಲ್ಲಿ ಪಿಬಿಯೇ ಇರುತ್ತದೆ. ಪರೀಕ್ಷೆ ಮಾಡಿದರೆ ಫಲಿತಾಂಶ ಹಾಕಿ, ಓದುತ್ತೇನೆ.

ಬೀಜಪ್ರಿಯ

@ಜರಡಿ ಹದಿನೆಂಟು, ಕೊನೆಯ ಪ್ರಶ್ನೆ. ಚೆರಿ ಎಬಿ ಅಂತ ಒಂದು ಪೊಟ್ಟಣ ನನ್ನಲ್ಲಿದೆ, ಪ್ಲಾಂಟೇಶನ್ ಎಗಿಂತ ಕೆಳಗಿನದ್ದು ಅಂತ ತಿಳಿದಿದ್ದೆ. ಗಾತ್ರ ಕಡಿಮೆ ಅಂತಲೇ ಅದರ ರುಚಿ ಬೇರೆ ಅಂದುಕೊಂಡಿದ್ದೆ. ಅದೂ ತಪ್ಪಾ?

ಜರಡಿ ಹದಿನೆಂಟು

ಅಲ್ಲಿ ಅಕ್ಷರ ನೋಡುವ ಮೊದಲು ಅದರ ಹಿಂದಿನ ಪದ ನೋಡಬೇಕು. ನಮ್ಮ ದೇಶದ ಲೇಬಲ್ಲಿನಲ್ಲಿ ಪ್ಲಾಂಟೇಶನ್ ಅಂದರೆ ಹಣ್ಣಿನ ಸಿಪ್ಪೆ ಸುಲಿದು, ಲೋಳೆ ತೊಳೆದು ಒಣಗಿಸಿದ ಅರೇಬಿಕಾ. ಚೆರಿ ಅಂದರೆ ಹಣ್ಣನ್ನು ಇಡಿಯಾಗಿ ಕಣದಲ್ಲಿ ಒಣಗಿಸಿದ್ದು. ನಿಮ್ಮ ಎರಡು ಪೊಟ್ಟಣಗಳ ರುಚಿಯನ್ನು ಬೇರೆ ಮಾಡಿದ್ದು ಆ ಕಣ. ಎ, ಎಬಿ ಅನ್ನುವ ಅಕ್ಷರಕ್ಕೆ ಅದರಲ್ಲಿ ಪಾಲು ಬಹಳ ಕಡಿಮೆ. ನಾನು ಪೊಟ್ಟಣ ಕೈಗೆತ್ತಿಕೊಂಡರೆ ಮೊದಲು ಈ ಪದ, ಆಮೇಲೆ ತಳಿ, ಬೆಳೆಯ ವರ್ಷ, ಹುರಿದ ದಿನ ನೋಡುತ್ತೇನೆ. ಅಕ್ಷರ ನೋಡುವುದು ಎಲ್ಲಕ್ಕಿಂತ ಕೊನೆಗೆ.

ಕಣದ ಪಕ್ಕದ ಮನೆ

ಹಾಗಾದರೆ ಬೀಜ ಎಷ್ಟು ಗಟ್ಟಿ ಅನ್ನುವುದನ್ನೇ ಲೇಬಲ್ಲಿನಲ್ಲಿ ಯಾಕೆ ಹಾಕಬಾರದು? ನಮ್ಮಂಥವರಿಗೆ ಅದು ನ್ಯಾಯ ಅನ್ನಿಸುತ್ತದೆ.

ಜರಡಿ ಹದಿನೆಂಟು

ಹಸಿರು ಬೀಜ ಕೊಳ್ಳುವವರು ಕೆಲವರು ಅದನ್ನು ನೋಡುತ್ತಾರೆ ಅಕ್ಕಾ. ಒಂದು ಲೀಟರ್ ಪಾತ್ರೆಗೆ ಬೀಜ ಸುರಿದು, ಮೇಲೆ ಸಪಾಟಾಗಿ ಎಳೆದು, ತೂಕ ಮಾಡುವುದು. ಬೀಜದ ತೇವಾಂಶ ಒಂದೇ ಇದ್ದರೆ ಹೋಲಿಸಬಹುದು. ಹೆಚ್ಚು ಒಣಗಿದ್ದಕ್ಕೂ ಕಡಿಮೆ ಒಣಗಿದ್ದಕ್ಕೂ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಹುರಿದ ಬೀಜದಲ್ಲಂತೂ ಇದು ನಡೆಯುವುದಿಲ್ಲ, ಹುರಿದಷ್ಟೂ ಬೀಜ ಉಬ್ಬಿ ಹಗುರ ಆಗುತ್ತದೆ. ನಿಮ್ಮ ಈ ವರ್ಷದ ಎ ಮತ್ತು ಬಿಯನ್ನು ಬೇರೆ ಬೇರೆ ಹೀಗೆ ತೂಕ ಮಾಡಿಸಿ, ತೇವಾಂಶದ ಜೊತೆ ಬರೆದಿಟ್ಟುಕೊಂಡು ಮುಂದಿನ ಸಲ ಕೊಳ್ಳುವವರ ಮುಂದೆ ಇಡಿ. ಸ್ಯಾಂಪಲ್ ಹುರಿದು ಕುಡಿದು ನೋಡಿ ಅಂತಲೂ ಕೇಳಿ. ಎಲ್ಲರೂ ಒಪ್ಪುತ್ತಾರೆ ಅಂತ ಹೇಳಲಾರೆ. ಗಾತ್ರವನ್ನು ನಿಂತಲ್ಲೇ ಜರಡಿಯಲ್ಲಿ ತೋರಿಸಬಹುದು, ರುಚಿಗೆ ಅರ್ಧ ದಿನ ಬೇಕು. ವ್ಯಾಪಾರ ಅಕ್ಷರಕ್ಕೆ ಅಂಟಿಕೊಂಡಿರುವುದು ಅದಕ್ಕೇ.

ಕಣದ ಪಕ್ಕದ ಮನೆ

ಈ ವಾರವೇ ಮಾಡಿಸುತ್ತೇನೆ. ತುಂಬಾ ಉಪಕಾರ ಅಣ್ಣಾ.

ನಸುಕಿನ ಲೋಟ

ಇವತ್ತು ಬೆಳಿಗ್ಗೆ ಮಾಡಿದ್ದನ್ನು ಹೇಳುತ್ತೇನೆ. ಕಿಟಕಿಯ ಹತ್ತಿರ ಬಿಳಿ ಹಾಳೆ ಹಾಕಿದೆ. ಇಡೀ ಬೀಜದ ಹೊರಗಿನ ಬಣ್ಣ ಎರಡರದ್ದೂ ಒಂದೇ, ನಾನೂ ಮನೆಯವರೂ ಇಬ್ಬರೂ ನೋಡಿದೆವು. ಪುಡಿ ಮಾಡಿ ಪಕ್ಕಪಕ್ಕ ಒತ್ತಿದೆ. ಎಎ ಪುಡಿ ಸ್ಪಷ್ಟವಾಗಿ ತಿಳಿ, ಸ್ವಲ್ಪ ಹಳದಿ ಕಡೆಗೆ. ಬಿ ಪುಡಿ ಹೊರಗಿನ ಬಣ್ಣಕ್ಕೇ ಹತ್ತಿರ. ಒಂದು ಎಎ ಬೀಜವನ್ನು ಮಧ್ಯದ ಗೆರೆಗೆ ಚಾಕು ಇಟ್ಟು ಸೀಳಿದರೆ ಒಳಗೆ ತಿಳಿ ಬಣ್ಣದ ತಿರುಳು ಬರಿಗಣ್ಣಿಗೇ ಕಾಣುತ್ತಿತ್ತು.

ಆಮೇಲೆ ಎರಡನ್ನೂ 15 ಗ್ರಾಂ ತೂಕ ಮಾಡಿ, 240 ಮಿಲಿ ನೀರು ಹಾಕಿದೆ. @ಪುಡಿಗಾರ ಹೇಳಿದಂತೆ ಎಎಯನ್ನು ಇನ್ನೊಂದು ಸಲ ಎರಡು ಹಲ್ಲು ಸಣ್ಣ ಮಾಡಿಯೂ ನೋಡಿದೆ. ಹುಳಿ ಇಳಿಯಿತು, ಅದು ನಿಜ. ಹಸಿ ವಾಸನೆ ಹೋಗಲಿಲ್ಲ.

ಪೊಟ್ಟಣದ ಮೇಲೆ ಲಾಟ್ ನಂಬರ್ ಇಲ್ಲ, ಹಾಗಾಗಿ ಎರಡೂ ಒಂದೇ ಕೊಯ್ಲಿನದ್ದೋ ಅಲ್ಲವೋ ತಿಳಿಯಲಿಲ್ಲ. ಹುರಿದವರಿಗೆ ಪುಡಿಯ ಫೋಟೊ ಕಳಿಸಿ, ಎರಡು ಗ್ರೇಡನ್ನೂ ಒಂದೇ ಸೆಟ್ಟಿಂಗಿನಲ್ಲಿ ಹುರಿದಿರಾ ಅಂತ ಕೇಳಿದ್ದೇನೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ.

ಪುಡಿಗಾರ

ಹುಳಿ ಇಳಿಯಿತು ಅಂದದ್ದು ಕೇಳಿ ಸಂತೋಷ ಆಯಿತು. ಬೀಜದ ಮಾತು ನನಗೂ ಹೊಸದು, ಈಗ ಮೊದಲಿನಿಂದ ಓದುತ್ತಿದ್ದೇನೆ.

ಹುರಿಮನೆ

@ನಸುಕಿನ ಲೋಟ, ಹಸಿರು ಬೀಜ ಸ್ವಲ್ಪ ಕೊಡುತ್ತಾರಾ ಅಂತಲೂ ಕೇಳಿ. ಎರಡರಿಂದಲೂ ಅರ್ಧ ಅರ್ಧ ಕಿಲೋ ಸಿಕ್ಕಿದರೆ ನಾನು ಬೇರೆ ಬೇರೆ ಉರಿಯಲ್ಲಿ ಹುರಿದು ಕಳಿಸುತ್ತೇನೆ. ಪಿಬಿಯನ್ನೂ ಸೇರಿಸಿ ಮೂರು ಲೋಟದ ಪರೀಕ್ಷೆ ಇನ್ನೊಮ್ಮೆ ಮಾಡೋಣ, ಈ ಸಲ 12ರ ಬದಲು 24.